ಮಾದರಿಯಲ್ಲಿಲ್ಲದ ಪತ್ರ

ವಿದ್ಯಾರ್ಥಿವೇತನ ಟ್ರಸ್ಟಿನ ಗುಮಾಸ್ತ ಶಶಿಕಾಂತ ಪತ್ರದ ಎರಡು ಸಾಲು ಓದಿ ಅದನ್ನು ಮೇಜಿನ ಮೇಲೆಯೇ ಹಿಂದಕ್ಕೆ ಸರಿಸಿದ. “ಇದು ನಡಿಯೂದಿಲ್ರಿ ಅಕ್ಕಾರ. ಮೊದಲನೇ ಸಾಲನ ಇಲ್ಲ. ಗ್ವಾಡಿ ಮ್ಯಾಲ ಮಾದರಿ ಹಚ್ಚೇವಲ್ಲ, ಹಂಗ ಬರಸ್ರಿ.”

ರತ್ನವ್ವ ಗೋಡೆಯತ್ತ ಕತ್ತೆತ್ತಿದಳು. ಪ್ಲಾಸ್ಟಿಕ್ ಹೊದಿಕೆಯೊಳಗೆ ಮಾದರಿ ಪತ್ರ ಹೊಳೆಯುತ್ತಿತ್ತು: ‘ಗೌರವಾನ್ವಿತ ದಾನಿಗಳಿಗೆ, ಕಡುಬಡತನದಲ್ಲಿ ಹುಟ್ಟಿದ ಈ ನತದೃಷ್ಟ ವಿದ್ಯಾರ್ಥಿನಿಗೆ ತಾವು ದೇವರಂತೆ ಬಂದು...’ ಮಗಳು ಆರತಿ ಮೂರು ವರ್ಷ ಇದನ್ನೇ ಅಕ್ಷರ ಬಿಡದೆ ನಕಲು ಮಾಡಿ ಕೊಟ್ಟಿದ್ದಳು. ನಿನ್ನೆ ಸಂಜೆ ನಾಲ್ಕನೆಯ ಸಲ ಬರೆಯುತ್ತ ಅದನ್ನು ಬಾಯಲ್ಲಿ ಅಂದುಕೊಂಡಾಗ ರೊಟ್ಟಿ ಬಡಿಯುತ್ತಿದ್ದ ತಾಯಿಯ ಕಿವಿಗೆ ಬಿತ್ತು. ಕೈ ಅಲ್ಲಿಗೇ ನಿಂತಿತು. ಹೆಬ್ಬಳ್ಳಿಯ ಮನೆಯಲ್ಲಿ ಆರು ಹೆಂಗಸರನ್ನು ಕಟ್ಟಿಕೊಂಡು ಧಾರವಾಡದ ಖಾನಾವಳಿಗಳಿಗೆ ದಿನವೂ ರೊಟ್ಟಿ ಕಳಿಸುವವಳು ರತ್ನವ್ವ. ಎಂಜಿನಿಯರಿಂಗ್ ಕಾಲೇಜಿನ ಫೀ ತನ್ನ ಕೈಗೆ ಎಟುಕುವುದಿಲ್ಲ ಎಂಬುದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಆದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನತದೃಷ್ಟವೆಂದರೆ ಹೇಗೆ ಕೇಳಿಸಿಕೊಂಡಾಳು? ಆ ಹಾಳೆ ನೆಟ್ಟಗೆ ಒಲೆಗೆ ಹೋಯಿತು. “ಖರೇ ಇದ್ದದ್ದು ಬರಿ” ಎಂದು ಮಗಳಿಗೆ ಹೊಸ ಹಾಳೆ ಕೊಟ್ಟಿದ್ದಳು.

“ಯವ್ವಾ, ಬಿಡ ನೀ. ಇಲ್ಲೇ ಕುಂತು ಬರದ ಕೊಡ್ತೇನಿ” ಎಂದು ಪಕ್ಕದಲ್ಲಿ ನಿಂತಿದ್ದ ಆರತಿ ತಾಯಿಯ ಸೆರಗು ಜಗ್ಗಿದಳು. ಅವಳ ಅಂಜಿಕೆಗೂ ಕಾರಣವಿತ್ತು. ಶನಿವಾರ ಕೊನೆಯ ವರ್ಷದ ಫೀ ತುಂಬುವ ಕಡೆಯ ದಿನ, ಇಂದು ಮಂಗಳವಾರ. ಟ್ರಸ್ಟು ಕಡತವನ್ನು ದಾನಿಗಳಿಗೆ ಕಳಿಸಬೇಕು, ಅವರು ಹೂಂ ಅನ್ನಬೇಕು, ಆಮೇಲೆ ಹಣ ನೇರ ಕಾಲೇಜಿನ ಖಾತೆಗೆ ಹೋಗಬೇಕು. ಪತ್ರವಿಲ್ಲದ ಕಡತ ಈ ಮೇಜು ದಾಟುವುದಿಲ್ಲ.

ರತ್ನವ್ವ ಜಗ್ಗಲಿಲ್ಲ. “ಸಾಹೇಬ್ರ, ಏನೇನು ಕೊಡಬೇಕಂತ ಒಂದು ಕಾಗದ ಕೊಟ್ಟಿದ್ರೆಲ್ಲ, ಅದನ್ನ ತಗೀರಿ.” ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತವಳು, ನಿಯಮದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಯಾವ ವಿಷಯವೂ ಬಾಕಿ ಇಲ್ಲದ ಅಂಕಪಟ್ಟಿ. ಕಳೆದ ವರ್ಷದ ಫೀ ರಸೀದಿ. ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರ. ವಿದ್ಯಾರ್ಥಿ ಸ್ವಹಸ್ತದಿಂದ ಬರೆದ ಕೃತಜ್ಞತಾ ಪತ್ರ. “ಇದರಾಗ ನತದೃಷ್ಟ ಅಂತ ಬರೀಬೇಕಂತ ಎಲ್ಲೈತ್ರಿ?”

“ನಿಯಮದಾಗ ಇಲ್ರಿ. ಆದ್ರ ಕಷ್ಟ ಹೇಳಿಕೊಂಡ್ರ ದಾನಿಗಳ ಮನಸ್ಸು ಕರಗತೈತಿ.”

“ನಮ್ಮ ಗಳಿಕಿ ಎಷ್ಟಂತ ಹೇಳಾಕ ತಹಶೀಲ್ದಾರ್ರ ಕಾಗದ ಐತಿ. ಉಪಕಾರ ನೆನಿಯಾಕ ಪತ್ರ ಐತಿ. ಎರಡನ್ನೂ ಯಾಕ ಕಲಸ್ತೀರಿ? ಮೊದಲ ಅಕಿ ಬರದದ್ದು ಪೂರಾ ಓದ್ರಿ.”

ಶಶಿಕಾಂತ ಕೆಟ್ಟ ಮನುಷ್ಯನಲ್ಲ. ವರ್ಷಕ್ಕೆ ನೂರಾರು ಪತ್ರ ನೋಡಿ ನೋಡಿ ಓದುವುದನ್ನೇ ಮರೆತಿದ್ದ, ಅಷ್ಟೆ. ಕನ್ನಡಕ ಏರಿಸಿಕೊಂಡ. ‘ಗೌರವಾನ್ವಿತ ದಾನಿಗಳಿಗೆ, ನನ್ನ ತಾಯಿ ರೊಟ್ಟಿಯ ಕೇಂದ್ರ ನಡೆಸುತ್ತಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಹಿಟ್ಟಿನ ಗಿರಣಿಯ ಮೋಟಾರು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ರಿಪೇರಿಯವನು ಮೋಟಾರೇ ಸುಟ್ಟಿದೆ, ಹೊಸದು ತನ್ನಿ ಎಂದ. ನಾನು ಮೀಟರು ಹಚ್ಚಿ ನೋಡಿದೆ. ಸುರುಳಿ ಗಟ್ಟಿಯಾಗಿತ್ತು, ಕೆಪಾಸಿಟರ್ ಮಾತ್ರ ಸತ್ತಿತ್ತು. ಅದನ್ನು ಬದಲಿಸಿದೆ. ಹತ್ತು ಗಂಟೆಗೆ ಗಿರಣಿ ಶುರುವಾಯಿತು, ಅಂದು ಒಂದು ಖಾನಾವಳಿಗೂ ರೊಟ್ಟಿ ತಪ್ಪಲಿಲ್ಲ. ತಾವು ಮೂರು ವರ್ಷ ಫೀ ಕಟ್ಟಿ ಕಲಿಸಿದ್ದು ಎಲ್ಲಿಗೆ ಬಂತು ಎಂದು ತಮಗೆ ತಿಳಿಯಲಿ ಎಂದು ಬರೆದಿದ್ದೇನೆ. ಇನ್ನೊಂದು ವರ್ಷ ಕಲಿಸಿರಿ. ತಮ್ಮನ್ನು ನೆನೆಯದೆ ನಮ್ಮ ಗಿರಣಿ ತಿರುಗುವುದಿಲ್ಲ.’

ಓದಿ ಮುಗಿದ ಮೇಲೂ ಅವನು ಹಾಳೆಯನ್ನು ಕೆಳಗಿಡಲಿಲ್ಲ. “ಒಂದು ಖರೇ ಮಾತು ಹೇಳ್ಲ್ಯಾ ಅಕ್ಕಾರ? ನಿಮ್ಮ ಹುಡುಗಿಗೆ ಕೊಡೂ ಲಕ್ಷ್ಮೀಬಾಯಿಯವರು ಇಲ್ಲೇ ನವನಗರದಾಗ ಇರ್ತಾರ. ಅವರು ಪತ್ರ ಓದೂದನ್ನ ಬಿಟ್ಟಾರ. ಎಲ್ಲಾ ಒಂದ ನಮೂನಿ ಇರ್ತಾವಂತ. ಅಂಕಪಟ್ಟಿ ಅಷ್ಟ ನೋಡಿ ಸಹಿ ಮಾಡ್ತಾರ.”

“ಇದನ್ನ ಓದ್ತಾರ” ಎಂದಳು ರತ್ನವ್ವ. ಅವಳ ಮುಖದಲ್ಲಿ ಹೆಮ್ಮೆ ತುಂಬಿ ಚೆಲ್ಲುವ ಹಾಗಿತ್ತು. ಮಗಳು ನೋಡಿದರೆ ಅದು ಅವಳ ತಲೆಗೇರೀತೆಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಶಶಿಕಾಂತ ಪತ್ರವನ್ನು ಕಡತದ ಎಲ್ಲಕ್ಕಿಂತ ಮೇಲೆ ಇಟ್ಟು ಠಪ್ಪೆಂದು ಮುದ್ರೆ ಒತ್ತಿದ. “ಇವತ್ತ ಸಂಜಿಗೆ ನಾನ ಒಯ್ದು ಕೊಡ್ತೇನ್ರಿ. ಫೀದ ಕಾಳಜಿ ಬ್ಯಾಡ.” ಆರತಿ ಅವನಿಗೆ ಕೈ ಮುಗಿದು ಬಾಗಿಲತ್ತ ಓಡಿದಳು.

ರತ್ನವ್ವ ಮಾತ್ರ ನಿಂತೇ ಇದ್ದಳು. ಮೇಜಿನ ತುದಿಯಲ್ಲಿ ಎರಡು ಬಗೆಯ ಅರ್ಜಿಗಳಿದ್ದವು. ಬಿಳಿಯದರ ಗೊಡವೆಗೆ ಹೋಗದೆ ಹಳದಿಯದೊಂದನ್ನು ಎತ್ತಿಕೊಂಡಳು.

“ಅದು ದಾನಿಗಳದ್ರಿ ಅಕ್ಕಾರ, ವಿದ್ಯಾರ್ಥಿಗಳದ್ದಲ್ಲ.”

“ಗೊತ್ತೈತ್ರಿ, ಓದಾಕ ಬರ್ತೈತಿ. ಇಕೀದು ಮುಗದು ಕೆಲಸ ಹತ್ತಲಿ. ಆಮ್ಯಾಲ ಒಬ್ಬಾಕಿ ಹುಡುಗಿ ಪುಸ್ತಕದ ಖರ್ಚು ನಂದು.” ಅರ್ಜಿಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೊಸ್ತಿಲವರೆಗೆ ಹೋದವಳು ತಿರುಗಿ ಗೋಡೆಯ ಕಡೆ ಬೆರಳು ಮಾಡಿದಳು.

“ಆದ್ರ ಸಾಹೇಬ್ರ, ನನಗ ಬರೂ ಪತ್ರ ಆ ಗ್ವಾಡಿ ನೋಡಿ ಬರದದ್ದು ಇರಬಾರದು ನೋಡ್ರಿ.”