ಕಹಿಯ ತೂಕ

ಅಂಚೆ ಕಚೇರಿಯ ತಕ್ಕಡಿ ತೂಗುತ್ತಿದ್ದುದು ಕಾಗದದ ಕಹಿಯನ್ನು. ಕಹಿ ಮಿತಿ ಮೀರಿದರೆ ಟಪಾಲು ಹೋಗುವಂತಿಲ್ಲ. ಗುರುಸಿದ್ದ ಅವ್ವನಿಗೆ ಬರೆದದ್ದು ಹನ್ನೊಂದು ಸಲ ವಾಪಸಾಗಿತ್ತು.

“ಇನ್ನೂ ಸ್ವಲ್ಪ ಐತ್ರಿ,” ಎಂದಳು ಕೌಂಟರಿನಾಕೆ.

ಅವನು ಮತ್ತೆ ಓದಿದ. ‘ಆರು ವರ್ಷದವನನ್ನ ಹಾಸ್ಟೆಲಿಗೆ ಬಿಟ್ಟು, ತಿರುಗಿ ನೋಡದ ಹೋದಿ. ನೋಡಿದ್ರ ನಿನಗ ಹೋಗಾಕ ಆಗ್ತಿರಲಿಲ್ಲ ಅಂತ, ನನ್ನ ಮಗಳನ್ನ ಹಾಸ್ಟೆಲಿಗೆ ಬಿಟ್ಟು ಬಂದ ದಿನ ತಿಳೀತು. ಆದರೂ ಒಮ್ಮೆ ನೋಡಬೇಕಿತ್ತು.’

ಕೊನೆಯ ಸಾಲು ನಿಜಕ್ಕೂ ಬೇಡವೆನಿಸಿತು. ಹೊಡೆದುಹಾಕಿ, ಕಾಗದವನ್ನು ಮತ್ತೆ ತಕ್ಕಡಿಗಿಟ್ಟ. ಮುಳ್ಳು ಸೊನ್ನೆಗೆ ಬಂದು ನಿಂತಿತು. ಅವನು ಅಲ್ಲೇ ನಿಂತು ಅತ್ತ.

ವಾರದ ಮೇಲೆ ಅವ್ವನೂರಿನ ಅಂಚೆಯಿಂದ ಚೀಟಿಯೊಂದು ಬಂತು: ‘ನಿಮ್ಮ ತಾಯಿಯವರ ಒಂದು ಸಾಲಿನ ಉತ್ತರವನ್ನು ತಡೆಹಿಡಿಯಲಾಗಿದೆ. ತೂಗುವಾಗ ತಕ್ಕಡಿಯ ಮುಳ್ಳು ಮುರಿದಿದೆ.’