ಮಾಸ್ತರರಿಗೆ ಒಯ್ದ ಪಾನ

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ಅಂಗೈಗೆ ಮಸಿ ಹತ್ತಿತೇನೋ ಎಂದು ನೋಡಿಕೊಳ್ಳುತ್ತೇನೆ.

ನಾವು ಧಾರವಾಡದಿಂದ ಪುಣೆಗೆ ಬಂದ ವರ್ಷ, ಮೇ ರಜೆಯಲ್ಲಿ ನಮ್ಮ ಚಿತ್ರಕಲೆ ಮಾಸ್ತರರು ಶಾಲೆಯ ಅಂಗಳದಲ್ಲಿ ಮಕ್ಕಳ ಶಿಬಿರ ನಡೆಸಿದರು. ನಾಳೆ ಒಂದೊಂದು ‘ಪಾನ’ ತನ್ನಿರೆಂದು ಮರಾಠಿಯಲ್ಲಿ ಹೇಳಿದರು. ನನಗೆ ಗೊತ್ತಿದ್ದದ್ದು ತಿನ್ನುವ ವೀಳ್ಯದೆಲೆಯ ಪಾನ ಒಂದೇ.

“ಮಾಸ್ತರಿಗೆ ಬರೇ ಎಲಿ ಕೊಡ್ತಾರೇನ?” ಎಂದು ಅಜ್ಜಿ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ಲವಂಗ ಚುಚ್ಚಿ ಕೊಟ್ಟಳು.

ಉಳಿದವರು ಮಾವು, ಅರಳಿ, ಬೇವಿನ ಎಲೆ ತಂದಿದ್ದರು. ಮರಾಠಿಯಲ್ಲಿ ಯಾವ ಎಲೆಯಾದರೂ ಪಾನವೇ! ಎಲ್ಲರೂ ನಕ್ಕರು.

ಮಾಸ್ತರರು ನಗಲಿಲ್ಲ. ಲವಂಗ ಕಿತ್ತು ಎಲೆ ಬಿಡಿಸಿ, ಅಡಿಕೆ ಬಾಯಿಗೆ ಹಾಕಿಕೊಂಡು, ಸುಣ್ಣ ಒರೆಸಿದರು. ನರ ಉಬ್ಬಿದ ಹಿಂಬದಿಗೆ, ಅಗಸೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಬಟ್ಟೆಯ ಉಂಡೆಯಿಂದ ನನ್ನ ಕೈಯಲ್ಲೇ ತೆಳ್ಳಗೆ ತಟ್ಟಿಸಿದರು. ಮೇಲೆ ಕಾಗದ ಹಾಸಿ ಅಂಗೈಯಿಂದ ಒತ್ತಿಸಿದರು. ಎತ್ತಿದರೆ ಪ್ರತಿ ನರವೂ ಮೂಡಿತ್ತು, ಲವಂಗದ ತೂತು ಸಹಿತ.

ಕನ್ನಡದಲ್ಲಿ ಇದಕ್ಕೇನೆನ್ನುತ್ತೀರಿ ಎಂದು ಕೇಳಿದರು.

“ಎಲಿ ಅಂತೀವ್ರಿ.”

“ಹಾಗಾದರೆ ನಾಳೆ ಎಲ್ಲರೂ ಹೊಸ ಎಲಿ ತನ್ನಿ,” ಎಂದರು ಮಾಸ್ತರರು ಮರಾಠಿಯಲ್ಲೇ.

ಮರುದಿನ ನಕ್ಕವರೇ ಓಡಿಬಂದು, ನನ್ನ ಮುಂದೆ ಕೈಯಲ್ಲಿನ ಎಲೆ ಹಿಡಿದು, ನೋಡು ನನ್ನದು ಎಂದು ತಮ್ಮ ಮರಾಠಿಯಲ್ಲಿ ಕೂಗಿದರು: “ಬಘ, ಮಾಝಿ ಎಲಿ!”