ದಾಟಿಹೋದವರಿಗೆ ಕರೆ

ಈ ಕೆಲಸ ತನಗೆ ಬರುವುದೇ ಇಲ್ಲವೇನೋ ಎಂದು ಕೃತಿಕಾ ಒಳಗೊಳಗೇ ಹೆದರಿದ್ದಳು. ಬಾಳ್ಳುಪೇಟೆಯ ಕಾಫಿಪುಡಿ ಅಂಗಡಿಗೆ ಇಂಟರ್ನ್ ಆಗಿ ಬಂದು ಮಾಡಿದ ಮೊದಲ ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ವಾರದಲ್ಲಿ ಇನ್ನೂರ ಹನ್ನೆರಡು ಜನ 'ದಾರಿ ತೋರಿಸು' ಎಂದು ಒತ್ತಿದ್ದರು. ಕೂಪನ್ ಹಿಡಿದು ಬಂದವರು ಮಾತ್ರ ಇಬ್ಬರೇ.

"ಕಾಫಿ ಬೆಳೆಯೋ ಸೀಮೇಲಿ ಫೋನ್ ನೋಡ್ಕಂಡು ಯಾರಮ್ಮ ಪುಡಿ ತಗಂತಾರೆ? ಇವತ್ತೇ ನಿಲ್ಸ್‌ಬುಡು. ನಿನ್ ಇಂಟರ್ನ್‌ಶಿಪ್ಪೂ ಸಾಕು," ಎಂದರು ಅಂಗಡಿಯ ಮಾಲೀಕ ದೇವೇಂದ್ರಣ್ಣ.

ಅವಳು ಕ್ಲಿಕ್ಕುಗಳನ್ನು ಗಂಟೆವಾರು ಬಿಡಿಸಿದಳು. ಹೆಚ್ಚಿನವು ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಬಂದಿದ್ದವು. ನಸುಕಿಗೇ ಬೆಂಗಳೂರು ಬಿಟ್ಟವರು ಶಿರಾಡಿ ಘಾಟಿ ಇಳಿಯುವ ಹೊತ್ತದು! ಜಾಗ ಚಂದವೆಂದು ಅವಳು ಜಾಹೀರಾತು ಕಾಣಿಸುವ ವೃತ್ತವನ್ನು ಘಾಟಿಯ ಬಾಯಲ್ಲಿರುವ ಮಾರನಹಳ್ಳಿಯ ಸುತ್ತಲೇ ಎಳೆದಿದ್ದಳು. ಅವರು ಅಲ್ಲಿ ಅದನ್ನು ನೋಡುವಷ್ಟರಲ್ಲಿ ಬಾಳ್ಳುಪೇಟೆ ಎಷ್ಟೋ ಹಿಂದೆ ಉಳಿದಿರುತ್ತಿತ್ತು. ಹಾಗಾದರೆ ಬಂದ ಆ ಇಬ್ಬರು? ಅವಳು ಕೂಪನ್ನುಗಳನ್ನು ತಿರುವಿ ನೋಡಿದಳು. ಹಿಂಬದಿಯಲ್ಲಿ ಬರೆಸಿಕೊಂಡಿದ್ದ ಊರು ಎರಡರಲ್ಲೂ ಮಂಗಳೂರು. ಘಾಟಿ ಹತ್ತಿ ಬಂದವರು, ಅಂಗಡಿ ಇನ್ನೂ ಮುಂದಿದ್ದವರು! ಅವಳು ಮ್ಯಾಪಿನಲ್ಲಿ ವೃತ್ತದ ಪಿನ್ನನ್ನು ಎಳೆದು, ಬೆಂಗಳೂರಿನಿಂದ ಬರುವವರಿಗೆ ಅಂಗಡಿಗಿಂತ ಮೊದಲೇ ಸಿಗುವ ಆಲೂರಿನಾಚೆ, ಹಾಸನದ ಕಡೆ ನೆಟ್ಟಳು.

"ನಿಲ್ಲಿಸ್ಬೇಡಿ ಅಣ್ಣ." ತನ್ನ ದನಿ ಅಷ್ಟು ಜೋರಾಗಿದ್ದುದಕ್ಕೆ ಅವಳಿಗೇ ಬೆರಗು. "ತಪ್ಪು ನಂದೇ. ಅಂಗಡಿ ದಾಟಿ ಹೋದವರನ್ನ ಹಿಂದಿನಿಂದ ಕೂಗ್ತಿದ್ದೆ."